ಚಿಕ್ಕಪ್ಪ ಕಾನೂನಿಗೆ ಸಂಬಂಧಿಕನಲ್ಲ

ಬೆಳಗಾವಿಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳಿ. ಹೊಸ ಯಂತ್ರ ಕೊಳ್ಳಬೇಕು, ಬ್ಯಾಂಕ್ ಸಾಲ ತಡವಾಗುತ್ತಿದೆ. ನಿರ್ದೇಶಕರು ಮನೆಮಂದಿಯನ್ನೇ ಕೇಳುತ್ತಾರೆ. ತಂದೆ 6 ಲಕ್ಷ ಕೊಟ್ಟರು, ಅಕ್ಕ ಚಿನ್ನ ಅಡವಿಟ್ಟು 4 ಲಕ್ಷ ತಂದಳು, ಚಿಕ್ಕಪ್ಪ 5 ಲಕ್ಷ ಕೊಟ್ಟರು, ಷೇರುದಾರನಾದ ಹಳೆಯ ಸ್ನೇಹಿತ 10 ಲಕ್ಷ ಹಾಕಿದ. ಲೆಕ್ಕದ ಪುಸ್ತಕದಲ್ಲಿ ನಾಲ್ಕೂ ‘ಅನ್‌ಸೆಕ್ಯೂರ್ಡ್ ಲೋನ್’ ಎಂಬ ಒಂದೇ ಸಾಲಿಗೆ ಸೇರಿದವು. ಈ ಸಾಲನ್ನು ಕಂಡರೆ ಆಡಿಟರ್ ಪೆನ್ನು ನಿಲ್ಲಿಸುತ್ತಾರೆ.

2013ರ ಕಂಪನಿ ಕಾಯಿದೆಯಲ್ಲಿ ‘ಠೇವಣಿ’ ಎಂದರೆ ಬಾಂಡ್ ಕೊಟ್ಟು ಪಡೆದ ಹಣವಷ್ಟೇ ಅಲ್ಲ. ಕಂಪನಿ ಯಾವ ರೂಪದಲ್ಲಿ ಹಣ ಪಡೆದರೂ, ನಿಯಮಗಳು ಹೊರಗಿಟ್ಟಿರದಿದ್ದರೆ ಅದು ಠೇವಣಿಯೇ. ಬ್ಯಾಂಕ್ ಸಾಲ, ಇನ್ನೊಂದು ಕಂಪನಿ ಕೊಟ್ಟ ಹಣ, ನಿರ್ದೇಶಕರು ಕೊಟ್ಟ ಹಣ ಹೊರಗಿರುವ ಸಾಲಿನಲ್ಲಿವೆ. ಪ್ರೈವೇಟ್ ಕಂಪನಿಯಾದರೆ ನಿರ್ದೇಶಕರ ಸಂಬಂಧಿಕರ ಹಣವೂ ಹೊರಗೆ.

ಸಂಬಂಧಿಕರೆಂದರೆ ಯಾರು? ನಮ್ಮ ಊರಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಲು ಒಂದು ಮದುವೆ ಮಂಟಪ ಬೇಕು. ಕಾನೂನಿನ ಪಟ್ಟಿ ಪುಟ್ಟದು: ಗಂಡ ಅಥವಾ ಹೆಂಡತಿ, ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮಂದಿರು, ಅಕ್ಕತಂಗಿಯರು. ಅಳಿಯ ಇದ್ದಾನೆ, ಹೆಣ್ಣು ಕೊಟ್ಟ ಮಾವ ಇಲ್ಲ. ಹಿಂದಿನ 1956ರ ಕಾಯಿದೆಯ ಪಟ್ಟಿಯಲ್ಲಿದ್ದ ಅಜ್ಜ ಅಜ್ಜಿಯನ್ನೂ ಈಗ ಬಿಟ್ಟಿದ್ದಾರೆ. ಚಿಕ್ಕಪ್ಪ, ಸೋದರಮಾವ, ಭಾವ ಯಾರೂ ಇಲ್ಲ.

ಹಾಗಾಗಿ ತಂದೆಯ 6 ಲಕ್ಷ ಸರಿ, ಆದರೆ ಹಣ ಕೊಡುವಾಗಲೇ ಅವರಿಂದ ಒಂದು ಲಿಖಿತ ಘೋಷಣೆ ಬೇಕು: ಇದು ನಾನು ಬೇರೆಯವರಿಂದ ಸಾಲವಾಗಿಯೋ ಠೇವಣಿಯಾಗಿಯೋ ಪಡೆದ ಹಣವಲ್ಲ ಎಂದು. ಅಕ್ಕ ಎಡವಿದ್ದು ಇಲ್ಲೇ. ಆಕೆ ಪಟ್ಟಿಯಲ್ಲಿದ್ದಾಳೆ, ಆದರೆ ಚಿನ್ನದ ಮೇಲೆ ಎತ್ತಿದ ಹಣ ಸಾಲದ ಹಣ. ಆ ಘೋಷಣೆಗೆ ಆಕೆ ಸಹಿ ಹಾಕುವಂತಿಲ್ಲ. ಚಿನ್ನವನ್ನು ಮಾರಿ ಕೊಟ್ಟಿದ್ದರೆ ತೊಡಕೇ ಇರಲಿಲ್ಲ. ಪ್ರೀತಿಯಿಂದ ಒಡವೆ ಅಡವಿಟ್ಟವಳಿಗೆ ಇದನ್ನು ವಿವರಿಸುವ ಕಷ್ಟ ನಿರ್ದೇಶಕರಿಗೇ ಗೊತ್ತು.

ಚಿಕ್ಕಪ್ಪನ 5 ಲಕ್ಷ ನೇರವಾಗಿ ಸಾರ್ವಜನಿಕರ ಠೇವಣಿ. ಸಾರ್ವಜನಿಕರಿಂದ ಠೇವಣಿ ಪಡೆಯುವ ಹಕ್ಕು ಇರುವುದು ದೊಡ್ಡ ಪಬ್ಲಿಕ್ ಕಂಪನಿಗಳಿಗೆ ಮಾತ್ರ: ನಿವ್ವಳ ಮೌಲ್ಯ ಕನಿಷ್ಠ 100 ಕೋಟಿ ಅಥವಾ ವಹಿವಾಟು ಕನಿಷ್ಠ 500 ಕೋಟಿ ಇರಬೇಕು, ಪ್ರತಿ ವರ್ಷ ರೇಟಿಂಗ್ ಪಡೆಯಬೇಕು. ಅಲ್ಲೂ ಸಾರ್ವಜನಿಕರಿಂದ ಪಡೆಯುವುದಕ್ಕೆ ಷೇರು ಬಂಡವಾಳ, ಮುಕ್ತ ಮೀಸಲು ನಿಧಿ, ಷೇರು ಪ್ರೀಮಿಯಂ ಕೂಡಿಸಿದ ಮೊತ್ತದ ಶೇ. 25ರ ಮಿತಿ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಈ ಬಾಗಿಲೇ ಇಲ್ಲ. ಬ್ಯಾಂಕೇತರ ಹಣಕಾಸು ಕಂಪನಿಗಳ ಮಾತು ಬೇರೆ, ಅವು ರಿಸರ್ವ್ ಬ್ಯಾಂಕಿನ ಕಟ್ಟಳೆಗೆ ಸೇರಿದವು. ಉಳಿದಂತೆ ಹೆಸರಿನ ಕೊನೆಗೆ ‘ಪ್ರೈವೇಟ್ ಲಿಮಿಟೆಡ್’ ಎಂದಿರುವ ಕಂಪನಿ ಕರಪತ್ರ ಹಂಚಿ ಠೇವಣಿ ಕೇಳಿದರೆ, ಬಡ್ಡಿ ಎಷ್ಟೆಂದು ನೋಡುವ ಮುಂಚೆಯೇ ಕೈ ಹಿಂದೆಗೆಯಬಹುದು.

ಇನ್ನು ಸ್ನೇಹಿತನ 10 ಲಕ್ಷ. ಅವನು ಷೇರುದಾರ, ಅಂದರೆ ಸದಸ್ಯ. ಸದಸ್ಯರ ಹಣ ಠೇವಣಿಯೇ, ಆದರೆ ಸಾಮಾನ್ಯ ಸಭೆಯ ನಿರ್ಣಯ ಮಾಡಿಕೊಂಡು ಪಡೆಯಬಹುದು. ಮೇಲಿನ ಆ ಒಟ್ಟು ಮೊತ್ತದ ಶೇ. 35ರವರೆಗೆ ಎಂಬುದು ಸಾಮಾನ್ಯ ಮಿತಿ. ಪ್ರೈವೇಟ್ ಕಂಪನಿಗೆ ಮಾತ್ರ ಶೇ. 100ರವರೆಗೆ ಅವಕಾಶವಿದೆ. ಇಷ್ಟರೊಳಗಿದ್ದರೆ ಸುತ್ತೋಲೆ ಹೊರಡಿಸುವುದು, ಮುಂದಿನ ವರ್ಷ ಮರಳಿಸಬೇಕಾದದ್ದರ ಶೇ. 20ರಷ್ಟನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿಡುವುದು ಮೊದಲಾದ ಷರತ್ತುಗಳಿಂದ ವಿನಾಯಿತಿ ಉಂಟು. ಆದರೆ ವಾರ್ಷಿಕ ಲೆಕ್ಕಪತ್ರ, ರಿಟರ್ನ್‌ಗಳ ಸಲ್ಲಿಕೆಯನ್ನು ತಪ್ಪಿಸಿಕೊಂಡ ಕಂಪನಿಗೆ ಈ ವಿನಾಯಿತಿ ಸಿಗದು. ನಮ್ಮ ಕಂಪನಿಯ ಷೇರು ಬಂಡವಾಳ 10 ಲಕ್ಷ, ಮೀಸಲು 25 ಲಕ್ಷ, ಪ್ರೀಮಿಯಂ ಇಲ್ಲ ಎನ್ನೋಣ. ಒಟ್ಟು 35 ಲಕ್ಷ. ಸ್ನೇಹಿತನ 10 ಲಕ್ಷ ನಿರಾಳವಾಗಿ ಒಳಗಿದೆ. ಅವನ ಹೆಂಡತಿ ಹಣ ಹಾಕಿದ್ದರೆ ಕೆಟ್ಟಿತು: 1956ರ ಕಾಯಿದೆ ಸದಸ್ಯರ ಸಂಬಂಧಿಕರಿಗೂ ಅವಕಾಶ ಕೊಟ್ಟಿತ್ತು, ಇಂದಿನದು ಕೊಡುವುದಿಲ್ಲ.

ಹಾಗಾದರೆ ಚಿಕ್ಕಪ್ಪನಿಗೂ ಒಂದು ಷೇರು ಕೊಟ್ಟುಬಿಟ್ಟರೆ? ಮುಂದೆ ಕೊಡುವ ಹಣಕ್ಕೆ ಅದು ದಾರಿ. ಆದರೆ ಸದಸ್ಯನಾಗುವ ಮುನ್ನ ಕೊಟ್ಟ 5 ಲಕ್ಷದ ತಪ್ಪು ಅದರಿಂದ ಅಳಿಸಿಹೋಗದು. ಆ ತಪ್ಪಿನ ಬೆಲೆಯೂ ಸಣ್ಣದಲ್ಲ. ಕಂಪನಿಗೆ ಕನಿಷ್ಠ ದಂಡ 1 ಕೋಟಿ ಅಥವಾ ಪಡೆದ ಹಣದ ಎರಡರಷ್ಟು, ಯಾವುದು ಕಡಿಮೆಯೋ ಅದು. ಇಲ್ಲಿ 10 ಲಕ್ಷ. ಹೊಣೆಗಾರ ಅಧಿಕಾರಿಗಳಿಗೆ 7 ವರ್ಷದವರೆಗೆ ಸೆರೆ ಮತ್ತು ದಂಡ.

ಪ್ರತಿ ವರ್ಷ ಮಾರ್ಚ್ 31ರ ಸ್ಥಿತಿಯನ್ನು ಜೂನ್ 30ರೊಳಗೆ ಡಿಪಿಟಿ-3 ನಮೂನೆಯಲ್ಲಿ ಸಲ್ಲಿಸಬೇಕು. ಠೇವಣಿಯಲ್ಲದ ಸಾಲಗಳನ್ನೂ ಅದರಲ್ಲಿ ತೋರಿಸಬೇಕು. ತಂದೆಯ 6 ಲಕ್ಷ, ಸ್ನೇಹಿತನ 10 ಲಕ್ಷ ಅಲ್ಲಿ ತಮ್ಮ ತಮ್ಮ ಸಾಲಿನಲ್ಲಿ ಕೂರುತ್ತವೆ. ಅಕ್ಕನ 4 ಲಕ್ಷಕ್ಕೆ, ಚಿಕ್ಕಪ್ಪನ 5 ಲಕ್ಷಕ್ಕೆ ಯಾವ ಸಾಲು ಎಂದು ಆಡಿಟರ್ ಕೇಳಿದಾಗ ನಿರ್ದೇಶಕರು ಚೆಕ್ ಪುಸ್ತಕ ಹುಡುಕಬೇಕಾಗುತ್ತದೆ.