ಮೆಟ್ಟಿಲೆಣಿಸಿ ಅನಿಲದ ಶಾಖ ಅಳೆಯುವುದು

ಗಟ್ಟಿಯಾಗಿ ಮುಚ್ಚಿದ ಪಾತ್ರೆಯಲ್ಲಿ 28 ಗ್ರಾಂ ನೈಟ್ರೋಜನ್, ಅಂದರೆ ಒಂದು ಮೋಲ್, ಇದೆ ಎನ್ನಿ. ಅದರ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು 20.8 ಜೂಲ್ ಶಾಖ ಬೇಕು. ಒಂದು ಮೋಲ್ ಆರ್ಗಾನ್‌ಗಾದರೆ 12.5 ಜೂಲ್ ಸಾಕು. ಆರ್ಗಾನ್ ಒಂಟಿ ಪರಮಾಣು, ಅತ್ತಿತ್ತ ಓಡುವುದಷ್ಟೇ ಅದರ ಕೆಲಸ. ನೈಟ್ರೋಜನ್ ಅಣುವಿನಲ್ಲಿ ಎರಡು ಪರಮಾಣುಗಳು ಜೋಡಿಯಾಗಿವೆ. ಅದು ಓಡುವುದರ ಜೊತೆಗೆ ಗಿರಕಿ ಹೊಡೆಯಬಲ್ಲದು, ಎರಡು ಪರಮಾಣುಗಳ ನಡುವಿನ ಬಂಧ ಹಿಗ್ಗಿ ಕುಗ್ಗಿ ಕಂಪಿಸಬಲ್ಲದು. ಹಾಗಾಗಿ ಹೆಚ್ಚು ಶಾಖ ಬೇಕಾಗುವುದು ಸಹಜವೇ. ಆದರೆ ಈ ಎಲ್ಲ ಚಲನೆಗಳಿಗೂ ಸಿಗಬೇಕಾದ ಪಾಲು ಸಿಕ್ಕಿದ್ದರೆ ಹತ್ತೊಂಬತ್ತನೇ ಶತಮಾನದ ಲೆಕ್ಕದ ಪ್ರಕಾರ ಸುಮಾರು 29 ಜೂಲ್ ಬೇಕಾಗಬೇಕಿತ್ತು. ಉಳಿದ ಎಂಟು ಜೂಲ್ ಎಲ್ಲಿ? ಅನಿಲಗಳ ಲೆಕ್ಕಕ್ಕೂ ಅಳತೆಗೂ ನಡುವಿನ ಇಂಥ ಅಂತರ 1860ರಿಂದಲೇ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್‌ರನ್ನು ಕಾಡಿತ್ತು.

ಉತ್ತರ ಬಂದದ್ದು ಕ್ವಾಂಟಂ ಸಿದ್ಧಾಂತದಿಂದ. ಅಣುವೊಂದು ತನಗೆ ತೋಚಿದಷ್ಟು ಶಕ್ತಿಯನ್ನು ಇಟ್ಟುಕೊಳ್ಳಲಾರದು. ಅದಕ್ಕೆ ಮೆಟ್ಟಿಲುಗಳಂತೆ ಗೊತ್ತಾದ ಶಕ್ತಿಮಟ್ಟಗಳಿವೆ, ನಡುವೆ ನಿಲ್ಲಲು ಜಾಗವಿಲ್ಲ. ಆ ಶಕ್ತಿಯನ್ನು ಬೋಲ್ಟ್ಸ್‌ಮನ್ ಸ್ಥಿರಾಂಕದಿಂದ ಭಾಗಿಸಿದರೆ ಮೆಟ್ಟಿಲಿನ ಎತ್ತರವೂ ಕೆಲ್ವಿನ್‌ನಲ್ಲೇ ಸಿಗುತ್ತದೆ, ಉಷ್ಣತೆಯೊಂದಿಗೆ ನೇರವಾಗಿ ಹೋಲಿಸಬಹುದು. ನೈಟ್ರೋಜನ್ನಿನ ಗಿರಕಿಯ ಮಟ್ಟಗಳನ್ನು ನಿರ್ಧರಿಸುವ ಅಳತೆ ಬರೀ 2.9 ಕೆಲ್ವಿನ್. ಕಂಪನದ ಒಂದು ಮೆಟ್ಟಿಲಿಗೆ ಸುಮಾರು 3,370 ಕೆಲ್ವಿನ್. ಕೋಣೆಯ ಉಷ್ಣತೆ 298 ಕೆಲ್ವಿನ್. ಸುಮಾರು 300 ರೂಪಾಯಿ ಹಿಡಿದು ಸಂತೆಗೆ ಹೋದವರಿಗೆ ಮೂರು ರೂಪಾಯಿಯ ಸರಕು ಎಷ್ಟು ಬೇಕಾದರೂ ಸಿಗುತ್ತದೆ, ಮೂರು ಸಾವಿರದ್ದು ಕೈಗೆಟುಕುವುದಿಲ್ಲ.

ಈ 'ಕೈಗೆಟುಕುವ' ಮಟ್ಟಗಳೆಷ್ಟು ಎಂದು ಖಚಿತವಾಗಿ ಎಣಿಸುವ ಮೊತ್ತವೇ ಪಾರ್ಟಿಷನ್ ಫಂಕ್ಷನ್. ಅದರ ಸೂತ್ರ ಹೀಗಿದೆ:

q = Σ g e^(−E/kT)

ಪ್ರತಿ ಮಟ್ಟಕ್ಕೂ ಒಂದು ಅಂಕ ಕೊಡಬೇಕು. ಮಟ್ಟದ ಶಕ್ತಿ E ಉಷ್ಣತೆಗಿಂತ ತೀರ ಕಡಿಮೆಯಿದ್ದರೆ ಪೂರ್ಣ ಅಂಕ 1, ತೀರ ಹೆಚ್ಚಿದ್ದರೆ ಸೊನ್ನೆಯ ಹತ್ತಿರ. ಒಂದೇ ಶಕ್ತಿಯ ಸ್ಥಿತಿಗಳು ಹಲವು ಇದ್ದರೆ ಆ ಸಂಖ್ಯೆಯೇ g, ಅದರಿಂದ ಗುಣಿಸಬೇಕು. ಎಲ್ಲವನ್ನೂ ಕೂಡಿದಾಗ ಬರುವ q, ಆ ಉಷ್ಣತೆಯಲ್ಲಿ ಅಣುವಿಗೆ ಹೆಚ್ಚುಕಡಿಮೆ ಎಷ್ಟು ಸ್ಥಿತಿಗಳು ತೆರೆದಿವೆ ಎಂಬ ಲೆಕ್ಕ.

ಗಿರಕಿಗೆ ಇದನ್ನು ಮಾಡಿ ನೋಡೋಣ. ತಿರುಗದೆ ಇರುವ ತಳದ ಮಟ್ಟಕ್ಕೆ ಅಂಕ 1. ಮುಂದಿನದರಲ್ಲಿ ಮೂರು ಸ್ಥಿತಿಗಳು, ಅಂಕ 2.94. ಅದರ ಮೇಲೆ ಐದು ಸ್ಥಿತಿಗಳು, ಅಂಕ 4.7. ಹೀಗೆ ಏರುತ್ತ ತಳದಿಂದ ಏಳನೇ ಮೆಟ್ಟಿಲಲ್ಲಿ ಅಂಕ 8.7 ತಲುಪಿ, ಅಲ್ಲಿಂದ ಇಳಿಯತೊಡಗುತ್ತದೆ. ಇಪ್ಪತ್ತನೇ ಮೆಟ್ಟಿಲಲ್ಲಿ 41 ಸ್ಥಿತಿಗಳಿದ್ದರೂ ಅಂಕ 0.7 ಮಾತ್ರ. ಎಲ್ಲ ಕೂಡಿದರೆ ಸುಮಾರು 104. ಇಲ್ಲೊಂದು ಸೂಕ್ಷ್ಮವಿದೆ. ನೈಟ್ರೋಜನ್ನಿನ ಎರಡೂ ತುದಿ ಒಂದೇ ಬಗೆಯವು. ಅಣುವನ್ನು ಅರ್ಧ ಸುತ್ತು ತಿರುಗಿಸಿದರೆ ಸಿಗುವುದು ಹೊಸ ಸ್ಥಿತಿಯಲ್ಲ, ಹಳೆಯದೇ. ಆದ್ದರಿಂದ ಎಣಿಕೆಯನ್ನು ಅರ್ಧ ಮಾಡಬೇಕು: 52. ಇನ್ನು ಕಂಪನದ ಮೊದಲ ಮೆಟ್ಟಿಲಿಗೆ ಸಿಗುವ ಅಂಕ ಒಂದು ಲಕ್ಷದಲ್ಲಿ ಒಂದರಷ್ಟು. ಅಲ್ಲಿ q ಬರೀ 1. ಬಂಧ ಕಂಪಿಸಲು ಬಿಡಿಕಾಸೂ ಇಲ್ಲ.

ಶಾಖದ ಲೆಕ್ಕ ಈಗ ಸುಲಭ. ಉಷ್ಣತೆ ಏರಿದಂತೆ q ಎಷ್ಟು ಬೇಗ ಬೆಳೆಯುತ್ತದೆ ಎಂಬುದರಿಂದಲೇ ಅಣುಗಳು ಹೀರುವ ಶಕ್ತಿ ತಿಳಿಯುತ್ತದೆ. ಗಿರಕಿಯ q ಉಷ್ಣತೆಯ ಮೊದಲನೇ ಘಾತದಂತೆ ಬೆಳೆಯುತ್ತದೆ, ಅದರ ಪಾಲು ಅನಿಲ ಸ್ಥಿರಾಂಕದ ಒಂದರಷ್ಟು, 8.3 ಜೂಲ್. ಓಟದ q ಒಂದೂವರೆ ಘಾತದಂತೆ ಬೆಳೆಯುತ್ತದೆ, ಅದರ ಪಾಲು ಒಂದೂವರೆಯಷ್ಟು, 12.5 ಜೂಲ್. ಕಂಪನದ q ಬೆಳೆಯುವುದೇ ಇಲ್ಲ, ಅದರ ಪಾಲು ಸೊನ್ನೆ. ಕೂಡಿದರೆ 20.8. ಮ್ಯಾಕ್ಸ್‌ವೆಲ್‌ರನ್ನು ಕಾಡಿದ ಎಂಟು ಜೂಲ್ ಕಳೆದುಹೋಗಿರಲಿಲ್ಲ, ತಣ್ಣಗಿನ ಅನಿಲ ಅದನ್ನು ಕೇಳಿಯೇ ಇರಲಿಲ್ಲ. 1,000 ಕೆಲ್ವಿನ್‌ಗೆ ಕಾಯಿಸಿ ನೋಡಿದರೆ ಕಂಪನ 3.5 ಜೂಲ್ ಹೀರತೊಡಗುತ್ತದೆ, 2,000 ಕೆಲ್ವಿನ್‌ನಲ್ಲಿ 6.6.

ಎಂಟ್ರೋಪಿಯ ಲೆಕ್ಕ ನನಗೆ ಇದಕ್ಕಿಂತಲೂ ಸುಂದರವಾಗಿ ಕಾಣುತ್ತದೆ. ಎಂಟ್ರೋಪಿಯೆಂದರೆ ಮೂಲತಃ ತೆರೆದಿರುವ ಸ್ಥಿತಿಗಳ ಸಂಖ್ಯೆಯ ಲಾಗರಿದಮ್. ಗಿರಕಿಗೆ: 52ರ ಸ್ವಾಭಾವಿಕ ಲಾಗರಿದಮ್ 3.95, ಅದಕ್ಕೆ ಶಕ್ತಿಯ ಬಾಬ್ತು 1 ಕೂಡಿಸಿ ಅನಿಲ ಸ್ಥಿರಾಂಕ 8.314ರಿಂದ ಗುಣಿಸಿದರೆ ಸುಮಾರು 41. ಓಟಕ್ಕೆ 1912ರ ಸುಮಾರಿಗೆ ಓಟೊ ಸಾಕುರ್ ಮತ್ತು ಹ್ಯೂಗೊ ಟೆಟ್ರೋಡ್ ಕಂಡುಕೊಂಡ ಸೂತ್ರವಿದೆ. ಕೋಣೆಯ ಉಷ್ಣತೆ, ಸಾಮಾನ್ಯ ಒತ್ತಡದಲ್ಲಿ ಪ್ರತಿ ನೈಟ್ರೋಜನ್ ಅಣುವಿನ ಪಾಲಿಗೆ ಸುಮಾರು 59 ಲಕ್ಷ ಓಟದ ಸ್ಥಿತಿಗಳು ಬರುತ್ತವೆ, ಎಂಟ್ರೋಪಿ 150.4. ಅಣುಗಳನ್ನು ಒಂದರಿಂದ ಒಂದು ಬೇರೆಯೆಂದು ಗುರುತಿಸಲಾಗದು ಎಂಬುದನ್ನು ಈ ಸೂತ್ರದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ. ಅದನ್ನು ಮರೆತರೆ ಉತ್ತರ ಪೂರ್ತಿ ತಪ್ಪುತ್ತದೆ. ಎರಡನ್ನೂ ಕೂಡಿದರೆ ಮೋಲ್‌ಗೆ, ಕೆಲ್ವಿನ್‌ಗೆ 191.6 ಜೂಲ್.

ಶಕ್ತಿಮಟ್ಟಗಳು ಸಿಕ್ಕಿದ್ದು ಬೆಳಕಿನಿಂದ. ನೈಟ್ರೋಜನ್ ಇನ್‌ಫ್ರಾರೆಡ್ ಕಿರಣಗಳನ್ನು ಹೀರುವುದಿಲ್ಲ. ಹಾಗಾಗಿ ಅದರ ಗಿರಕಿಯ ಮೆಟ್ಟಿಲುಗಳನ್ನು ಕಾಣಲು ರಾಮನ್ ಪರಿಣಾಮವೇ ಬೇಕಾಯಿತು. ಅದು ಬೆಳಕಿಗೆ ಬಂದ ಮರುವರ್ಷವೇ, 1929ರಲ್ಲಿ, ಫ್ರಾಂಕೊ ರಾಸೆಟ್ಟಿ ಈ ಅಳತೆ ಮಾಡಿದರು. ಇದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ದಾರಿಯೂ ಇದೆ. ಅನಿಲವನ್ನು ಘನೀಭವಿಸಿ ಸೊನ್ನೆ ಕೆಲ್ವಿನ್ ಹತ್ತಿರಕ್ಕೆ ಒಯ್ಯಬೇಕು. ಅಲ್ಲಿಂದ ಸ್ವಲ್ಪಸ್ವಲ್ಪವೇ ಶಾಖ ಕೊಡುತ್ತ, ಪ್ರತಿ ಕಂತನ್ನೂ ಆಗಿನ ಉಷ್ಣತೆಯಿಂದ ಭಾಗಿಸಿ, ಕರಗಿದ್ದು ಕುದಿದದ್ದು ಎಲ್ಲ ಸೇರಿಸಿ ಕೂಡುತ್ತ ಬರಬೇಕು. ಬರ್ಕ್ಲಿಯಲ್ಲಿ ವಿಲಿಯಂ ಜಿಯೋಕ್ ಮತ್ತು ಅವರ ಸಹೋದ್ಯೋಗಿಗಳು ನೈಟ್ರೋಜನ್‌ಗೆ ಇದನ್ನು ಮಾಡಿದಾಗ ಬಂದದ್ದು ಸುಮಾರು 192. ಒಂದು ಕಡೆ ಬೆಳಕಿನ ಗೆರೆಗಳು, ಇನ್ನೊಂದು ಕಡೆ ಹೀಟರಿನ ಶಾಖ. ಎರಡೂ ಒಂದೇ ಸಂಖ್ಯೆಗೆ ಬಂದು ನಿಂತವು.

ಇಂಗಾಲದ ಮೊನಾಕ್ಸೈಡ್ ವಿಷಯದಲ್ಲಿ ಮಾತ್ರ ಹೀಗಾಗಲಿಲ್ಲ. ತೂಕದಲ್ಲಿ ಅದು ನೈಟ್ರೋಜನ್ನಿನಷ್ಟೇ, 28. ಗಿರಕಿಯ ಅಳತೆಯೂ ಹೆಚ್ಚುಕಡಿಮೆ ಅದೇ, 2.8 ಕೆಲ್ವಿನ್. ಆದರೆ ಒಂದು ತುದಿ ಇಂಗಾಲ, ಇನ್ನೊಂದು ಆಮ್ಲಜನಕ. ಇಲ್ಲಿ ಅರ್ಧ ಮಾಡುವ ಹಾಗಿಲ್ಲ, q 107. ಎಣಿಕೆಯಿಂದ ಬರುವ ಎಂಟ್ರೋಪಿ 197.6. ಶಾಖ ಅಳೆದು ಕೂಡಿದಾಗ ಬಂದದ್ದು ಅದಕ್ಕಿಂತ ನಾಲ್ಕೂವರೆ ಜೂಲ್‌ನಷ್ಟು ಕಡಿಮೆ. ಅಳತೆಯ ದೋಷ ಎನ್ನಲಾಗದಷ್ಟು ದೊಡ್ಡ ವ್ಯತ್ಯಾಸ ಇದು.

ಕಾರಣ ಇರುವುದು ಹರಳಿನಲ್ಲಿ. ಮೊನಾಕ್ಸೈಡ್ ಅಣುವಿನ ಎರಡು ತುದಿಗಳ ನಡುವೆ ವಿದ್ಯುತ್ ವ್ಯತ್ಯಾಸ ಅತ್ಯಲ್ಪ. ಹೆಪ್ಪುಗಟ್ಟುವಾಗ ಅಣು ಯಾವ ಮುಖವಾಗಿ ಕೂತರೂ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಸರಿಯಾಗಿ ತಿರುಗಿ ಸಾಲುಗೂಡಬೇಕೆನ್ನುವಷ್ಟು ತಣ್ಣಗಾಗುವ ಹೊತ್ತಿಗೆ ತಿರುಗಲು ಶಕ್ತಿಯೇ ಉಳಿದಿರುವುದಿಲ್ಲ. ಪ್ರತಿ ಅಣುವೂ ಎರಡು ಬಗೆಗಳಲ್ಲಿ ಒಂದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆ ಅಸ್ತವ್ಯಸ್ತ ಪೂರ್ಣವಾಗಿದ್ದರೆ ಅದರ ಎಂಟ್ರೋಪಿ ಎರಡರ ಲಾಗರಿದಮ್ ಗುಣಿಲೆ 8.314, ಅಂದರೆ 5.8. ಸಿಕ್ಕ ನಾಲ್ಕೂವರೆ ಅದಕ್ಕಿಂತ ಸ್ವಲ್ಪ ಕಡಿಮೆ, ಒಂದಿಷ್ಟು ಅಣುಗಳಾದರೂ ಸಾಲುಗೂಡಿವೆ ಎಂದು ಅರ್ಥ. ಸೊನ್ನೆಯ ಹತ್ತಿರವೂ ಕರಗದೆ ಉಳಿದ ಈ ಎಂಟ್ರೋಪಿಯನ್ನು ಕೆಳಗಿನಿಂದ ಮೇಲಕ್ಕೆ ಶಾಖ ಕೂಡುವವರು ಕಾಣಲಾರರು, ಅವರು ಸೊನ್ನೆಯಿಂದಲೇ ಎಣಿಸಲು ಶುರುಮಾಡಿರುತ್ತಾರೆ.

ಅನಿಲವನ್ನು ಅನಿಲವಾಗಿಯೇ ಎಣಿಸುವ ವಿಧಾನಕ್ಕೆ ಹರಳಿನ ಈ ಗೊಡವೆಯಿಲ್ಲ. ಅಣುಗಳು ಒಂದನ್ನೊಂದು ಅಷ್ಟಾಗಿ ಎಳೆಯದಷ್ಟು ವಿರಳವಾಗಿರಬೇಕು ಎಂಬುದು ಅದರ ಮುಖ್ಯ ಷರತ್ತು. ಇಂದು ರಸಾಯನಶಾಸ್ತ್ರದ ಕೋಷ್ಟಕಗಳಲ್ಲಿ ಇಂಗಾಲದ ಮೊನಾಕ್ಸೈಡಿನ ಎದುರು ಅಚ್ಚಾಗಿರುವ ಸಂಖ್ಯೆ 197.7. ಅದು ಮಟ್ಟಗಳನ್ನು ಎಣಿಸಿ ಪಡೆದದ್ದು.