ಅಣ್ಣನಿಗೆ ಬರೆಯಬೇಕಾದ ಪತ್ರ

ತಂದೆ ತಮ್ಮ ದುಡಿಮೆಯಲ್ಲಿ ಮೈಸೂರಿನಲ್ಲಿ ಕಟ್ಟಿಸಿದ ಮನೆ. ಉಯಿಲು ಬರೆಯದೆ ತೀರಿಕೊಂಡರು, ತಾಯಿಯೂ ಈಗಿಲ್ಲ. ಮನೆಯಲ್ಲಿ ಅಣ್ಣನ ಸಂಸಾರವಿದೆ. ಇಬ್ಬರು ತಂಗಿಯರು ಪಾಲಿನ ಮಾತೆತ್ತಿದರೆ ಅವನು ಫೋನ್ ಇಟ್ಟುಬಿಡುತ್ತಾನೆ. ಇಂಥ ಕುಟುಂಬಗಳಲ್ಲಿ ಸಿಟ್ಟಿನ ಭರಕ್ಕೆ ಮೊದಲು ಹೋಗುವುದು "ಹದಿನೈದು ದಿನದಲ್ಲಿ ಮನೆ ಖಾಲಿ ಮಾಡು" ಎಂಬ ನೋಟಿಸು. ಅದರಿಂದ ಕೆಲಸವೂ ಆಗದು, ಸಂಬಂಧವೂ ಉಳಿಯದು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಈ ಮನೆಯಲ್ಲಿ ಮೂವರಿಗೂ ಸಮಪಾಲು. ಅಣ್ಣ ಬಾಡಿಗೆದಾರನಲ್ಲ, ಅತಿಕ್ರಮಿಸಿದವನೂ ಅಲ್ಲ. ಅವನನ್ನು ಎಬ್ಬಿಸುವ ಹಕ್ಕು ತಂಗಿಯರಿಗಿಲ್ಲ, ಪಾಲು ಕೇಳುವ ಹಕ್ಕಿದೆ. ಗಂಡುಮಕ್ಕಳು ಒಪ್ಪುವ ತನಕ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂಬ ನಿಯಮ 2005ರಲ್ಲೇ ರದ್ದಾಗಿದೆ. ಅದನ್ನು ಇನ್ನೂ ಹೇಳಿ ಹೆದರಿಸುವವರಿದ್ದಾರೆ, ನಂಬಬೇಡಿ.

ಹಾಗಾಗಿ ಪತ್ರದಲ್ಲಿ ಅವನ ಪಾಲನ್ನೂ ಅವನು ಮಾಡಿದ ಖರ್ಚನ್ನೂ ಮೊದಲು ಒಪ್ಪಿಕೊಳ್ಳಬೇಕು, ಆಮೇಲೆ ಲೆಕ್ಕ ಇಡಬೇಕು. ಮನೆಗೆ 90 ಲಕ್ಷ ಬೆಲೆ ಬರುತ್ತದೆ, ತಾರಸಿ ರಿಪೇರಿ ಮತ್ತು ಕಂದಾಯಕ್ಕೆ ಅಣ್ಣ 6 ಲಕ್ಷ ಹಾಕಿದ್ದಾನೆ ಎಂದುಕೊಳ್ಳೋಣ. ಆಗ ಹೀಗೆ ಬರೆಯಬಹುದು:

"ಅಣ್ಣ, ಮನೆಗೆ ನೀನು ಹಾಕಿದ 6 ಲಕ್ಷ ಮೊದಲು ನಿನಗೇ ಸೇರಲಿ. ಉಳಿದ 84 ಲಕ್ಷದಲ್ಲಿ ಮೂವರಿಗೂ ತಲಾ 28. ಮನೆ ನಿನಗೇ ಬೇಕಿದ್ದರೆ ನಮ್ಮಿಬ್ಬರಿಗೆ 56 ಲಕ್ಷ ಕೊಡು, ಸಾಲ ಮಾಡಿಕೊಳ್ಳಲು ಆರು ತಿಂಗಳು ಕಾಯುತ್ತೇವೆ. ಬೇಡವಾದರೆ ಮಾರೋಣ, ನಿನ್ನ ಕೈಗೆ 34 ಲಕ್ಷ ಬರುತ್ತದೆ. ಬೆಲೆಯ ಬಗ್ಗೆ ಅನುಮಾನವಿದ್ದರೆ ನೀನೇ ಒಬ್ಬ ವ್ಯಾಲ್ಯುಯರ್‌ನನ್ನು ಕರೆಸು."

ಮನೆ ಬಿಡುವುದು ಒಂದೇ ದಾರಿಯಲ್ಲ ಎಂದು ಇದರಿಂದ ಅವನಿಗೆ ಗೊತ್ತಾಗುತ್ತದೆ. ಕೋರ್ಟಿಗೆ ಹೋದರೂ ಕೊನೆಗೆ ಬರುವುದು ಹೆಚ್ಚುಕಡಿಮೆ ಇಲ್ಲಿಗೇ. ಹೋಳು ಮಾಡಲಾಗದ ಮನೆಯನ್ನು ಮಾರಿ ಹಣ ಹಂಚಿ ಎಂದು ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಪಾಲಿನವರು ಕೇಳಿದರೆ, 1893ರ ವಿಭಜನೆ ಕಾಯ್ದೆಯಡಿ ನ್ಯಾಯಾಲಯ ಆದೇಶಿಸಬಹುದು. ಆಗಲೂ ಕೋರ್ಟು ಕಟ್ಟಿದ ಬೆಲೆಗೆ ಅವರ ಪಾಲು ಕೊಳ್ಳುವ ಅವಕಾಶ ಅಣ್ಣನಿಗಿರುತ್ತದೆ. ಇದನ್ನು ಬೆದರಿಕೆಯ ಧಾಟಿಯಿಲ್ಲದೆ ಪತ್ರದ ಕೊನೆಯಲ್ಲಿ ತಿಳಿಸಿದರೆ ಸಾಕು.

ಒಂದು ವಾಕ್ಯದ ಬಗ್ಗೆ ಮಾತ್ರ ತುಂಬ ಎಚ್ಚರ ಬೇಕು. "ನಮಗೆ ಹಕ್ಕೇ ಇಲ್ಲವೆಂದು ನೀನು ಹೊರಗಿಟ್ಟು ಹದಿನಾಲ್ಕು ವರ್ಷವಾಯಿತು" ಎಂದು ನೋವಿನಲ್ಲಿ ಬರೆದುಬಿಡುವವರಿದ್ದಾರೆ. ಪಾಲುದಾರರಲ್ಲಿ ಒಬ್ಬರು ವಾಸವಿದ್ದರೆ ಎಲ್ಲರ ಪರವಾಗಿ ಇದ್ದಂತೆ ಎಂದೇ ಕಾನೂನು ಸಾಮಾನ್ಯವಾಗಿ ನೋಡುತ್ತದೆ. ಆದರೆ ಹಕ್ಕನ್ನು ಬಹಿರಂಗವಾಗಿ ಅಲ್ಲಗಳೆದು ಹನ್ನೆರಡು ವರ್ಷ ಕಳೆದಿದ್ದರೆ ಅಣ್ಣನ ವಕೀಲರು ಆ ಸಾಲನ್ನೇ ಹಿಡಿದು ದಾವೆಗೆ ಕಾಲ ಮೀರಿದೆ ಎನ್ನಬಹುದು. ಕಳಿಸುವ ಮುನ್ನ ವಕೀಲರಿಗೊಮ್ಮೆ ತೋರಿಸಿ, ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಹಾಕಿ, ಪ್ರತಿ ಇಟ್ಟುಕೊಳ್ಳಿ.

ಅಣ್ಣ ಒಪ್ಪಿದರೆ ಛಾಪಾ ಕಾಗದಕ್ಕೆ ನೋಟರಿ ಮಾಡಿಸಿ ಸುಮ್ಮನಾಗುವಂತಿಲ್ಲ. ತಂಗಿಯರ ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಆ ಪತ್ರಕ್ಕೆ ಸಹಿ ಬೀಳುವ ದಿನವೇ ಪೂರ್ತಿ ಹಣದ ಡಿಡಿ ಅವರ ಕೈಯಲ್ಲಿರಬೇಕು.