ಯೂಸರ್‌ನೇಮ್‌ನಲ್ಲೇ ಕೂತ ವಿಳಾಸ

ಹಾಸನದ ಶಾಲೆಯೊಂದರಲ್ಲಿ ಪಾಠ ಹೇಳುವ ಶ್ರುತಿ ಎಂಬಾಕೆಗೆ ಫಿಟ್ಸ್ ಇದೆ ಎಂದಿಟ್ಟುಕೊಳ್ಳೋಣ. ಮಾತ್ರೆ ಶುರುವಾದ ಮೇಲೆ ದಿನವಿಡೀ ಮಂಪರು. ಇದೇ ಮಾತ್ರೆ ನುಂಗುವ ಬೇರೆಯವರಿಗೂ ಹೀಗಾಗುತ್ತದೆಯೇ ಎಂದು ರೆಡಿಟ್‌ನಲ್ಲಿ ಕೇಳಬೇಕು. ಆದರೆ ಶಾಲೆಯಲ್ಲಾಗಲಿ ಗಂಡನ ಮನೆಯ ಕಡೆಯಲ್ಲಾಗಲಿ ವಿಷಯ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಖಾತೆ ತೆರೆಯುವಾಗ ಬೆರಳು ರೂಢಿಯಂತೆ `ka13_shruthi88` ಎಂದು ಒತ್ತುತ್ತದೆ.

ಹಾಸನದ ಗಾಡಿಗಳ ನಂಬರ್ ಪ್ಲೇಟ್ ನೋಡಿದವರಿಗೆ ka13 ಯಾವ ಊರೆಂದು ಹೇಳಬೇಕಿಲ್ಲ. 88 ಹುಟ್ಟಿದ ವರ್ಷ. ಉಳಿದದ್ದು ಹೆಸರು.

ಹಾಗಾದರೆ ಅಡುಗೆ ವಿಡಿಯೊಗಳಿಗೆ ಬಳಸುತ್ತಿದ್ದ ಹಳೆಯ ಅಡ್ಡಹೆಸರು? ಅದು ಇನ್ನೂ ಅಪಾಯ. ಒಂದು ಯೂಸರ್‌ನೇಮ್ ಕೊಟ್ಟರೆ ಅದು ನೂರಾರು ತಾಣಗಳಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ `Sherlock` ಎಂಬ ಉಚಿತ ಪ್ರೋಗ್ರಾಂ ಇದೆ. ಹೆಸರು ಎಷ್ಟು ಅಪರೂಪವೋ ಅಷ್ಟು ಸುಲಭವಾಗಿ ಕೊಂಡಿ ಸಿಗುತ್ತದೆ. ರೋಗದ ಹೆಸರನ್ನೇ ಸೇರಿಸಿಕೊಂಡರೆ, ಮುಂದೆ ಅದೇ ಖಾತೆಯಿಂದ ಊರಿನ ಮಳೆಯ ಬಗ್ಗೆ ಒಂದು ಮಾತು ಬರೆದರೂ ರೋಗ ಜೊತೆಗೇ ಹೋಗುತ್ತದೆ. ಇಂಗ್ಲಿಷ್ ಮಾತುಕತೆಯ ನಡುವೆ `mallige` ಎಂದಿಟ್ಟುಕೊಂಡರಂತೂ ಕನ್ನಡದವರೆಂದು ಸಾರಿದಂತೆಯೇ.

ಮನಸ್ಸಿಗೆ ತೋಚಿದ ಹೆಸರಿನಲ್ಲೆಲ್ಲ ಮನಸ್ಸಿನ ಗುರುತು ಇರುತ್ತದೆ. ಅದಕ್ಕೇ ಆಯ್ಕೆಯನ್ನು ದಾಳಕ್ಕೆ ಬಿಡಬೇಕು. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2016ರಲ್ಲಿ ಹೊರತಂದ ಪಟ್ಟಿಯಲ್ಲಿ 7,776 ಇಂಗ್ಲಿಷ್ ಪದಗಳಿವೆ. ದಾಳವನ್ನು ಐದು ಸಲ ಉರುಳಿಸಿದರೆ ಬರುವ ಐದು ಅಂಕಿಗಳು ಅದರಲ್ಲೊಂದು ಪದವನ್ನು ತೋರಿಸುತ್ತವೆ. ಪಟ್ಟಿ ಮಾಡಿದ್ದು ಪಾಸ್‌ವರ್ಡ್‌ಗಾಗಿ. ಈ ಕೆಲಸಕ್ಕೂ ಒದಗುತ್ತದೆ. ಎರಡು ಪದ ಜೋಡಿಸಿದರೆ `gravel_ladle` ಥರದ್ದೊಂದು ಸಿಗುತ್ತದೆ. ಅದು ಆಗಲೇ ಬೇರೆಯವರ ಪಾಲಾಗಿದ್ದರೆ? ಜನ ಎಡವುವುದು ಇಲ್ಲಿಯೇ, ಕೊನೆಗೊಂದು 88 ಅಂಟಿಸಿಬಿಡುತ್ತಾರೆ. ಮತ್ತೆ ದಾಳ ಉರುಳಿಸುವುದೇ ಸರಿ. ರೆಡಿಟ್‌ನಲ್ಲಿ ಒಮ್ಮೆ ಗಟ್ಟಿಯಾದ ಹೆಸರನ್ನು ಬದಲಿಸಲು ಬರುವುದಿಲ್ಲ, ಹಾಗಾಗಿ ಈ ಐದು ನಿಮಿಷ ಮೊದಲೇ ಕೊಡಬೇಕು. ಖಾತೆಗೆ ಕೊಡುವ ಇಮೇಲ್ ಕೂಡ ಹೊಸದಿರಲಿ, ಅದರಲ್ಲೂ ಹೆಸರು ಬೇಡ.

ಇಷ್ಟಾದರೂ ಹೆಸರು ಕಾಯುವುದು ಹೆಸರಿನಷ್ಟನ್ನೇ. 2006ರಲ್ಲಿ ಎಒಎಲ್ ಕಂಪನಿ ತನ್ನ ಲಕ್ಷಾಂತರ ಬಳಕೆದಾರರ ಹುಡುಕಾಟಗಳನ್ನು ಸಂಶೋಧನೆಗೆಂದು ಬಿಡುಗಡೆ ಮಾಡಿತು. ಹೆಸರಿನ ಬದಲು ಬರೀ ಸಂಖ್ಯೆ. 4417749 ಎಂಬ ಸಂಖ್ಯೆಯಲ್ಲಿ ಯಾವ ಸುಳಿವೂ ಇರಲಿಲ್ಲ. ಆದರೆ ಆ ಸಂಖ್ಯೆಯ ಹಿಂದಿದ್ದವರು ತಮ್ಮ ಊರಿನ ತೋಟಗೆಲಸದವರನ್ನೂ ತಮ್ಮದೇ ಮನೆತನದ ಹೆಸರಿನವರನ್ನೂ ಹುಡುಕಿದ್ದರು. ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಕೆಲವೇ ದಿನಗಳಲ್ಲಿ ಜಾರ್ಜಿಯಾದ ಆ ವೃದ್ಧೆಯ ಮನೆ ಬಾಗಿಲಲ್ಲಿದ್ದರು.

ಆದ್ದರಿಂದ ಶ್ರುತಿ, "ಜನವರಿ 26ರ ಪರೇಡಿನಲ್ಲಿ ಮಕ್ಕಳೆದುರೇ ಬಿದ್ದೆ" ಎಂದು ಬರೆದದ್ದನ್ನು ಅಳಿಸಿ, "ಕೆಲವು ತಿಂಗಳ ಹಿಂದೆ, ಕೆಲಸದ ಜಾಗದಲ್ಲಿ" ಎಂದು ತಿದ್ದಬೇಕಾಗುತ್ತದೆ. ಮಾತ್ರೆಯ ಹೆಸರು, ಪ್ರಮಾಣ, ಮಂಪರು ಎಷ್ಟು ಹೊತ್ತು ಎಂಬುದು ಹಾಗೇ ಇರಲಿ. ಉತ್ತರ ಕೊಡುವವರಿಗೆ ಬೇಕಾದದ್ದು ಅಷ್ಟೇ.